ದುಡ್ಡು ಕಟ್ ಆಯ್ತು, ಕಾರ್ಡ್‌ಗೆ ಬರಲಿಲ್ಲ: ಲೇಟ್ ಫೀಗೆ ಮುಂಚೆ ಇರೋ ಆ ಮೂರು ದಿನ

ಇವತ್ತಿನ ಎಪಿಸೋಡ್‌ಗೆ ಒಂದೇ ಪ್ರಶ್ನೆ. ಒಂದು ಬ್ಯಾಂಕಿನ ಕ್ರೆಡಿಟ್ ಕಾರ್ಡ್ ಬಿಲ್ಲನ್ನ ಇನ್ನೊಂದು ಬ್ಯಾಂಕಿನ ಖಾತೆಯಿಂದ ಕಟ್ಟಿದ್ದೀರಿ. ಖಾತೆಯಲ್ಲಿ ದುಡ್ಡು ಕಟ್ ಆಗಿದೆ, ಕಾರ್ಡ್ ಆ್ಯಪ್‌ನಲ್ಲಿ ಮಾತ್ರ ಬಾಕಿ ಹಾಗೇ ಇದೆ. ಈಗೇನು ಮಾಡೋದು?

ಒಂದು ಉದಾಹರಣೆ ಇಟ್ಕೊಂಡು ನೋಡೋಣ. ಬಿಲ್ 18,400 ರೂಪಾಯಿ, ಕನಿಷ್ಠ ಪಾವತಿ 920. ಕೊನೆ ದಿನಾಂಕ 10, ಶುಕ್ರವಾರ. ಅವತ್ತು ಸಂಜೆ 7 ಗಂಟೆಗೆ ಕಾರ್ಡ್ ನಂಬರನ್ನೇ ಖಾತೆ ಸಂಖ್ಯೆಯಾಗಿ ಹಾಕಿ, ನೆಫ್ಟ್‌ನಲ್ಲಿ ಪೂರ್ತಿ ಹಣ ಕಳಿಸಿದ್ದೀರಿ. ನಿಮ್ಮ ಬ್ಯಾಂಕ್ ಆ್ಯಪ್ 'ಸಕ್ಸಸ್' ಅಂತ ತೋರಿಸ್ತು. ಆದರೆ ಆ ಸಕ್ಸಸ್‌ಗೆ ಅರ್ಥ, ದುಡ್ಡು ನಿಮ್ಮ ಖಾತೆಯಿಂದ ಹೊರಟಿದೆ ಅಂತಷ್ಟೇ. ಕಾರ್ಡ್‌ಗೆ ತಲುಪಿದೆ ಅಂತಲ್ಲ.

ನೆಫ್ಟ್ ದಿನದ 24 ಗಂಟೆಯೂ, ರಜೆಯಲ್ಲೂ, ಅರ್ಧ ಗಂಟೆಗೊಂದು ಬ್ಯಾಚ್‌ನಂತೆ ನಡೆಯುತ್ತೆ. ಬ್ಯಾಚ್ ಸೆಟಲ್ ಆದ ಎರಡು ಗಂಟೆಯೊಳಗೆ ಹಣ ಪಡೆದ ಬ್ಯಾಂಕ್ ಅದನ್ನ ಜಮಾ ಮಾಡಬೇಕು, ಇಲ್ಲಾಂದ್ರೆ ವಾಪಸ್ ಕಳಿಸಬೇಕು. ಅಂದ್ರೆ ರಾತ್ರಿ 10ರ ಹೊತ್ತಿಗೆ ಹಣ ವಾಪಸ್ ಬಂದಿಲ್ಲ ಅಂದ್ರೆ, ಅದು ಕಾರ್ಡ್ ಕೊಟ್ಟ ಬ್ಯಾಂಕನ್ನ ಸೇರಿರೋ ಸಾಧ್ಯತೆಯೇ ಹೆಚ್ಚು. ಅಲ್ಲಿಂದ ನಿಮ್ಮ ಕಾರ್ಡ್ ಲೆಕ್ಕಕ್ಕೆ ಏರಿಸೋದು ಆ ಬ್ಯಾಂಕಿನ ಒಳಗಿನ ಕೆಲಸ. ಕೆಲವು ಕಡೆ ಅದಕ್ಕೆ ಒಂದೆರಡು ಕೆಲಸದ ದಿನ ಬೇಕಾಗುತ್ತೆ. ನಮ್ಮ ಉದಾಹರಣೆಯಲ್ಲಿ 11 ಎರಡನೇ ಶನಿವಾರ, 12 ಭಾನುವಾರ. ಎರಡೂ ದಿನ ಬ್ಯಾಂಕ್ ರಜೆ!

ಹಾಗಾಗಿ 11ರ ಬೆಳಿಗ್ಗೆಯೇ ಹುಡುಕಾಟ ಶುರು ಮಾಡಿ. ಮೊದಲು ನಿಮ್ಮ ಖಾತೆಯ ವಹಿವಾಟಿನ ವಿವರ ತೆರೆಯಿರಿ. ಅಲ್ಲಿ UTR ಅಂತ ಒಂದು ಸಂಖ್ಯೆ ಇರುತ್ತೆ, ನೆಫ್ಟ್‌ಗಾದರೆ 16 ಅಕ್ಷರ-ಅಂಕಿಗಳದ್ದು. ಬಿಲ್ ಪೇಮೆಂಟ್ ಆ್ಯಪ್‌ನಿಂದ ಕಟ್ಟಿದ್ರೆ ಭಾರತ್ ಕನೆಕ್ಟ್ ರಸೀದಿಯಲ್ಲಿರೋ ವಹಿವಾಟು ಸಂಖ್ಯೆ ನೋಡಿ. ಸ್ಕ್ರೀನ್‌ಶಾಟ್‌ಗಿಂತ ಈ ಸಂಖ್ಯೆಗೆ ಬೆಲೆ ಜಾಸ್ತಿ. ಜೊತೆಗೆ, ನೀವು ಹಾಕಿದ ಕಾರ್ಡ್ ನಂಬರನ್ನ ಒಂದೊಂದೇ ಅಂಕಿಯಾಗಿ ತಾಳೆ ನೋಡಿ. ನೆಫ್ಟ್‌ನಲ್ಲಿ ಹಣ ಜಮಾ ಆಗೋದು ನಂಬರ್ ನೋಡಿ, ಹೆಸರು ನೋಡಿ ಅಲ್ಲ.

ಆಮೇಲೆ ಕಾರ್ಡ್ ಬ್ಯಾಂಕಿನ ಕಸ್ಟಮರ್ ಕೇರ್‌ಗೆ ಫೋನ್ ಮಾಡಿ. 'ಪೇಮೆಂಟ್ ಆಗಿಲ್ವಾ?' ಅಂತ ಕೇಳಿದ್ರೆ 'ಕಾಯಿರಿ ಸರ್' ಅನ್ನೋ ಉತ್ತರವೇ ಬರುತ್ತೆ. ಅದರ ಬದಲು, 'ಈ ಯುಟಿಆರ್ ನಂಬರಿನ ಹಣ ನಿಮಗೆ ಬಂದಿದೆಯಾ?' ಅಂತ ಕೇಳಿ. ಬಂದಿದೆ ಅಂದ್ರೆ, 10ನೇ ತಾರೀಖಿನ ಲೆಕ್ಕಕ್ಕೇ ಜಮಾ ಮಾಡಿ ಅಂತ ದೂರು ದಾಖಲಿಸಿ, ದೂರಿನ ಸಂಖ್ಯೆ ತಗೊಳ್ಳಿ. ಬಂದಿಲ್ಲ ಅಂದ್ರೆ ಅದೇ ಯುಟಿಆರ್ ಹಿಡ್ಕೊಂಡು ಹಣ ಕಳಿಸಿದ ಬ್ಯಾಂಕಿಗೆ ದೂರು ಕೊಡಿ.

ಇನ್ನು ಲೇಟ್ ಫೀ. ಆರ್‌ಬಿಐ ನಿಯಮದ ಪ್ರಕಾರ, ಬಾಕಿ ಮೂರು ದಿನಕ್ಕಿಂತ ಹೆಚ್ಚು ತಡವಾದರೆ ಮಾತ್ರ ಬ್ಯಾಂಕ್ ಲೇಟ್ ಫೀ ಹಾಕಬಹುದು, ಕ್ರೆಡಿಟ್ ಬ್ಯೂರೋಗೆ ವರದಿ ಮಾಡಬಹುದು. ನಮ್ಮ ಲೆಕ್ಕದಲ್ಲಿ 11, 12, 13 ಆ ಮೂರು ದಿನ. ಅಪಾಯ ಶುರುವಾಗೋದು 14ಕ್ಕೆ. ಆದರೆ ಎಚ್ಚರ, ಈ ಮೂರು ದಿನದ ರಿಯಾಯಿತಿ ಬಡ್ಡಿಗೆ ಅನ್ವಯಿಸಲ್ಲ. ಹಣ 13ಕ್ಕೆ ಬಂತು ಅಂತ ಬರೆದುಕೊಂಡರೆ ಲೇಟ್ ಫೀ ತಪ್ಪುತ್ತೆ, ಬಡ್ಡಿ ಬೀಳಬಹುದು. '10ನೇ ತಾರೀಖಿನ ಲೆಕ್ಕಕ್ಕೇ' ಅಂತ ಪಟ್ಟು ಹಿಡಿಯೋದು ಇದಕ್ಕೇ.

ಸೋಮವಾರ, 13ರ ಮಧ್ಯಾಹ್ನವಾದ್ರೂ ಜಮಾ ಆಗಿಲ್ಲ ಅನ್ಕೊಳ್ಳಿ. ನಾನಾಗಿದ್ರೆ ಕನಿಷ್ಠ ಪಾವತಿ 920 ರೂಪಾಯಿಯನ್ನ ಕಾರ್ಡ್ ಬ್ಯಾಂಕಿನ ಸ್ವಂತ ಆ್ಯಪ್‌ನಿಂದಲೇ ಕಟ್ಟಿ, ಜಮಾ ಆಯ್ತಾ ಅಂತ ನೋಡ್ತೀನಿ. ಪೂರ್ತಿ 18,400 ಮತ್ತೆ ಕಟ್ಟಲ್ಲ. ಯಾಕಂದ್ರೆ ಲೇಟ್ ಫೀ ತಪ್ಪಿಸೋಕೆ ಕನಿಷ್ಠ ಪಾವತಿ ಸಾಕು. ಮೊದಲ ಹಣವೂ ಬಂದ್ರೆ ಆ 920 ಕಾರ್ಡ್‌ನಲ್ಲಿ ಹೆಚ್ಚುವರಿ ಜಮೆಯಾಗಿ ಉಳಿಯುತ್ತೆ. ಮುಂದಿನ ಬಿಲ್ಲಿಗೆ ಹೊಂದಿಸಿಕೊಳ್ಳಬಹುದು, ವಾಪಸ್ ಕೂಡ ಕೇಳಬಹುದು.

ಆದರೂ ಮುಂದಿನ ಬಿಲ್‌ನಲ್ಲಿ ಲೇಟ್ ಫೀ ಬಂತಾ? ಅದರ ಮೇಲೆ ಶೇ. 18 ಜಿಎಸ್‌ಟಿಯೂ ಇರುತ್ತೆ. ಫೀ, ಜಿಎಸ್‌ಟಿ, ಬಡ್ಡಿ ಮೂರನ್ನೂ ಹೆಸರಿಸಿ ವಾಪಸ್ ಕೇಳಿ, ಇಲ್ಲಾಂದ್ರೆ ಫೀ ಒಂದನ್ನೇ ತೆಗೆದು ಸುಮ್ಮನಾಗಬಹುದು. ಇಮೇಲ್‌ನಲ್ಲಿ ಯುಟಿಆರ್, ಹಣ ಕಟ್ ಆದ ದಿನ ಮತ್ತು ದೂರಿನ ಸಂಖ್ಯೆ ಇರಲಿ. 30 ದಿನದಲ್ಲಿ ಉತ್ತರ ಬರದಿದ್ರೆ ಅಥವಾ ಉತ್ತರ ಒಪ್ಪಿಗೆಯಾಗದಿದ್ರೆ, cms.rbi.org.in ನಲ್ಲಿ ಆರ್‌ಬಿಐ ಒಂಬುಡ್ಸ್‌ಮನ್‌ಗೆ ಉಚಿತವಾಗಿ ದೂರು ಕೊಡಬಹುದು.

ಮುಂದಿನ ಎಪಿಸೋಡ್‌ನಲ್ಲಿ ಸಿಗೋಣ.