ನಕ್ಷೆ ಹೇಳಿದ ದೂರ, ಮೀಟರ್ ಓಡಿದ ದೂರ

ಬಾಡಿಗೆ ಕಾರಿನ ಲೆಕ್ಕ ಮುಗಿಸುವ ಹೊತ್ತಿಗೆ ಈ ಮಾತು ಬಂದೇ ಬರುತ್ತದೆ. "ಮ್ಯಾಪಿನಲ್ಲಿ ಮುನ್ನೂರು ಕಿಲೋಮೀಟರ್ ಅಂತ ಇತ್ತಲ್ಲ, ನಿಮ್ಮ ಮೀಟರ್ ಮುನ್ನೂರಾ ಆರು ತೋರಿಸ್ತಿದೆ?" ಎಂದು ಪ್ರಯಾಣಿಕರು ಕೇಳುತ್ತಾರೆ. "ಘಾಟಿ ಅಲ್ವಾ ಸಾರ್, ಏರು ಇಳಿತ ಇದ್ರೆ ಮೀಟರ್ ಜಾಸ್ತಿ ಓಡುತ್ತೆ" ಎನ್ನುತ್ತಾರೆ ಚಾಲಕರು. ಕೇಳಲು ಸರಿಯೆನಿಸುವ ಈ ಉತ್ತರ ಅರ್ಧ ಮಾತ್ರ ನಿಜ. ಘಾಟಿಯಲ್ಲಿ ದೂರ ಹೆಚ್ಚುವುದು ಹೌದು, ಆದರೆ ಅದನ್ನು ಹೆಚ್ಚಿಸುವುದು ಏರಲ್ಲ.

ಲೆಕ್ಕ ಹಾಕಿಯೇ ನೋಡೋಣ. ನಕ್ಷೆ ಎಂದರೆ ನೆಲವನ್ನು ನೆತ್ತಿಯ ಮೇಲಿನಿಂದ ನೋಡಿ ಚಪ್ಪಟೆಯಾಗಿ ಬರೆದ ಚಿತ್ರ. ಎತ್ತರ ಅದರ ಅಳತೆಗೆ ಸಿಗುವುದಿಲ್ಲ. ಗಾಲಿ ಮಾತ್ರ ಇಳಿಜಾರಿನ ಮೈಮೇಲೇ ಉರುಳುತ್ತದೆ. ಶಾಲೆಯಲ್ಲಿ ಕಲಿತ ಲಂಬಕೋನ ತ್ರಿಭುಜವನ್ನು ನೆನಪಿಸಿಕೊಳ್ಳಿ: ನಕ್ಷೆ ತೋರಿಸುವುದು ಅದರ ಪಾದವನ್ನು, ಮೀಟರ್ ಅಳೆಯುವುದು ವಿಕರ್ಣವನ್ನು. ನಮ್ಮಲ್ಲಿ ಬೆಟ್ಟದ ರಸ್ತೆಗಳನ್ನು ಸಾಮಾನ್ಯವಾಗಿ ಇಪ್ಪತ್ತು ಮೀಟರಿಗೆ ಒಂದು ಮೀಟರಿನಷ್ಟು ಏರುವಂತೆ, ಅಂದರೆ ನೂರಕ್ಕೆ ಐದರ ಏರಿಗೆ, ರೂಪಿಸುತ್ತಾರೆ. ಈ ಏರಿನಲ್ಲಿ ನಕ್ಷೆಯ ಒಂದು ಕಿಲೋಮೀಟರಿಗೆ ಗಾಲಿ ಹೆಚ್ಚಾಗಿ ಉರುಳುವುದು ಒಂದೂಕಾಲು ಮೀಟರ್ ಅಷ್ಟೆ. ನೂರಕ್ಕೆ ಹತ್ತರ ಕಡಿದಾದ ಏರಿನಲ್ಲೂ ಆ ಹೆಚ್ಚುವರಿ ಐದು ಮೀಟರ್ ದಾಟುವುದಿಲ್ಲ. ಇಂಥ ಏರು ಹತ್ತು ಕಿಲೋಮೀಟರ್ ಬಿಡದೆ ಸಾಗಿದರೂ ಮೀಟರಿಗೆ ಸೇರುವುದು ಬರೀ ಐವತ್ತು ಮೀಟರ್.

ಹಾಗಿದ್ದರೆ ಘಾಟಿಯ ದೂರ ಎಲ್ಲಿಂದ ಬರುತ್ತದೆ? ಆಗುಂಬೆಯಂಥ ಘಾಟಿಯನ್ನೇ ತೆಗೆದುಕೊಳ್ಳಿ. ಮೇಲೆ ಆಗುಂಬೆ, ಕೆಳಗೆ ಸೋಮೇಶ್ವರ, ನಡುವೆ ಹದಿನಾಲ್ಕು ಹೇರ್‌ಪಿನ್ ತಿರುವುಗಳು. ಲೆಕ್ಕ ಸುಲಭವಾಗಲೆಂದು ಗುಡ್ಡದ ಇಳಿತ 500 ಮೀಟರ್, ನೆತ್ತಿಯಿಂದ ತಪ್ಪಲಿಗೆ ನಕ್ಷೆಯ ಮೇಲಿನ ನೇರ ದೂರ 2 ಕಿಲೋಮೀಟರ್ ಎಂದಿಟ್ಟುಕೊಳ್ಳೋಣ. ನೇರವಾಗಿ ರಸ್ತೆ ಕಡಿದರೆ ಅದರ ಉದ್ದ ಸುಮಾರು 2,060 ಮೀಟರ್ ಆದೀತು, ಆದರೆ ಇಳಿಜಾರು ನೂರಕ್ಕೆ ಇಪ್ಪತ್ತೈದು! ತುಂಬಿದ ಬಸ್ಸು ಅದನ್ನು ಹತ್ತಲಾರದು, ಇಳಿಯುವಾಗ ಅದರ ಬ್ರೇಕ್ ನಿಲ್ಲಲಾರದು. ಇಳಿಜಾರನ್ನು ನೂರಕ್ಕೆ ಐದಕ್ಕೆ ತಗ್ಗಿಸಬೇಕೆಂದರೆ 500 ಮೀಟರ್ ಇಳಿಯಲು 10 ಕಿಲೋಮೀಟರ್ ರಸ್ತೆ ಬೇಕು. ಎರಡು ಕಿಲೋಮೀಟರ್ ಜಾಗದಲ್ಲಿ ಹತ್ತು ಕಿಲೋಮೀಟರ್ ರಸ್ತೆಯನ್ನು ತುಂಬಲು ಎಂಜಿನಿಯರ್ ಅದನ್ನು ಹಿಂದಕ್ಕೂ ಮುಂದಕ್ಕೂ ಮಡಚುತ್ತಾರೆ. ಆ ಮಡಿಕೆಗಳೇ ತಿರುವುಗಳು. ಹೀಗೆ ಬಂದ ಎಂಟು ಕಿಲೋಮೀಟರ್ ಹೆಚ್ಚಳದಲ್ಲಿ ಏರಿನ ನೇರ ಪಾಲು ಹನ್ನೆರಡೂವರೆ ಮೀಟರ್. ಉಳಿದದ್ದೆಲ್ಲ ತಿರುವುಗಳ ಪಾಲು. ಬೆಟ್ಟ ತನ್ನ ಎತ್ತರದಿಂದಲ್ಲ, ರಸ್ತೆಯನ್ನು ಬಳಸುವಂತೆ ಮಾಡಿ ದೂರ ಹೆಚ್ಚಿಸುತ್ತದೆ.

ಈ ಮಡಿಕೆಗಳು ನಕ್ಷೆಯಲ್ಲಿ ಎಷ್ಟು ಕಾಣುತ್ತವೆ ಎಂಬುದು ನಕ್ಷೆಯ ಪ್ರಮಾಣವನ್ನು ಅವಲಂಬಿಸಿದೆ. ಭಾರತೀಯ ಸರ್ವೇಕ್ಷಣಾ ಇಲಾಖೆಯ 1:50,000 ಪ್ರಮಾಣದ ಹಾಳೆಯಲ್ಲಿ ಎರಡು ಸೆಂಟಿಮೀಟರ್ ಎಂದರೆ ಒಂದು ಕಿಲೋಮೀಟರ್. ಹದಿನೈದು ಮೀಟರ್ ತ್ರಿಜ್ಯದ ಹೇರ್‌ಪಿನ್ ತಿರುವು ಅಲ್ಲಿ ಬರೀ 0.6 ಮಿಲಿಮೀಟರ್ ಅಗಲವಾಗುತ್ತದೆ, ರಸ್ತೆಯನ್ನು ಬರೆದ ಗೆರೆಯೇ ಹೆಚ್ಚುಕಡಿಮೆ ಅಷ್ಟು ದಪ್ಪ. ಪ್ರವಾಸಿ ನಕ್ಷೆಗಳಲ್ಲಂತೂ ಇಡೀ ಘಾಟಿಯೇ ಒಂದು ಸಣ್ಣ ಸೊಟ್ಟಗೆರೆ. ಅದರ ಮೇಲೆ ಸ್ಕೇಲ್ ಇಟ್ಟರೂ ಅಷ್ಟೆ, ನೂಲು ಹಾಸಿ ಅಳೆದರೂ ಅಷ್ಟೆ. ಬರೆಯದ ತಿರುವನ್ನು ನೂಲು ಹಿಡಿಯುವುದಿಲ್ಲ.

ಫೋನಿನ ನಕ್ಷೆ ಇದಕ್ಕಿಂತ ಎಷ್ಟೋ ವಾಸಿ, ಏಕೆಂದರೆ ಅದು ರಸ್ತೆಯನ್ನೇ ಹಿಡಿದು ಹೋಗುತ್ತದೆ. ಆದರೆ ಅಲ್ಲೂ ರಸ್ತೆಯೆಂದರೆ ಚುಕ್ಕಿಯಿಂದ ಚುಕ್ಕಿಗೆ ಎಳೆದ ನೇರ ಗೆರೆಗಳ ಸರಣಿ. ಅದೇ ಹೇರ್‌ಪಿನ್ ತಿರುವಿನ ನಿಜವಾದ ಉದ್ದ 47 ಮೀಟರ್. ಆರಂಭ, ನಡು, ಕೊನೆ ಎಂದು ಮೂರೇ ಚುಕ್ಕಿ ಇಟ್ಟರೆ 42 ಮೀಟರ್ ಚಿಲ್ಲರೆ ಬರುತ್ತದೆ. ಇಂಥ ಹದಿನಾಲ್ಕು ತಿರುವಿಗೆ ಸುಮಾರು 65 ಮೀಟರ್ ಕಳೆಯಿತು. ಹತ್ತು ಕಿಲೋಮೀಟರಿನಲ್ಲಿ ಅದು ನೂರಕ್ಕೆ ಒಂದು ಕೂಡ ಅಲ್ಲ. ಚುಕ್ಕಿ ಹೆಚ್ಚಿದ್ದಷ್ಟೂ ತಪ್ಪು ಇನ್ನೂ ಇಳಿಯುತ್ತದೆ.

ಇನ್ನು ಲೇನ್ ಬದಲಿಸುವುದು. ಹೆದ್ದಾರಿಯ ಒಂದು ಲೇನ್ ಮೂರೂವರೆ ಮೀಟರ್ ಅಗಲ. ನೂರು ಮೀಟರ್ ಸಾಗುವಷ್ಟರಲ್ಲಿ ಪಕ್ಕದ ಲೇನಿಗೆ ಸರಿದರೆ ಹೆಚ್ಚಾಗಿ ಓಡುವ ದೂರ ಆರೇಳು ಸೆಂಟಿಮೀಟರ್. ನೂರು ಸಲ ಲೇನ್ ಬದಲಿಸಿದರೂ ಆರೇಳು ಮೀಟರ್. ಓವರ್‌ಟೇಕ್ ಮಾಡುತ್ತಾ ಬಂದದ್ದಕ್ಕೆ ಮೀಟರ್ ಓಡಿತು ಎಂಬ ಮಾತಿಗೆ ಹುರುಳಿಲ್ಲ.

ತಿರುವಿನಲ್ಲಿ ಮಾತ್ರ ಲೇನ್ ಸ್ವಲ್ಪ ಲೆಕ್ಕಕ್ಕೆ ಬರುತ್ತದೆ. ಓಟದ ಪಂದ್ಯದಲ್ಲಿ ಹೊರಸುತ್ತಿನವರನ್ನು ಮುಂದೆ ನಿಲ್ಲಿಸುವುದು ಇದೇ ಕಾರಣಕ್ಕೆ. ಅರ್ಧ ಸುತ್ತು ತಿರುಗುವಲ್ಲಿ ಒಳಗಿನ ಲೇನಿಗೂ ಹೊರಗಿನದಕ್ಕೂ ಹನ್ನೊಂದು ಮೀಟರ್ ಅಂತರ. ಹದಿನಾಲ್ಕು ತಿರುವಿಗೆ ನೂರೈವತ್ತು ಮೀಟರ್ ಆಯಿತಲ್ಲ ಎಂದು ಹಿಗ್ಗಬೇಡಿ. ಘಾಟಿಯಲ್ಲಿ ಒಂದು ತಿರುವು ಎಡಕ್ಕಿದ್ದರೆ ಮುಂದಿನದು ಸಾಮಾನ್ಯವಾಗಿ ಬಲಕ್ಕೆ. ಎಡಗಡೆಯೇ ಹೋಗುವ ವಾಹನ ಒಂದರಲ್ಲಿ ಉಳಿಸಿದ್ದನ್ನು ಇನ್ನೊಂದರಲ್ಲಿ ತೆರುತ್ತದೆ. ಕೊನೆಗೆ ಉಳಿಯುವುದು ಹೆಚ್ಚುಕಡಿಮೆ ಸೊನ್ನೆ. ಊರನ್ನು ಸುತ್ತುವ ವರ್ತುಲ ರಸ್ತೆಯಲ್ಲಿ ತಿರುವೆಲ್ಲ ಸೇರಿ ಒಂದೇ ಕಡೆಗೆ ಬೀಳುವುದರಿಂದ ವ್ಯತ್ಯಾಸ ಉಳಿಯುತ್ತದೆ: ಹೋಗುವ, ಬರುವ ದಾರಿಗಳ ನಡುವೆ ಇಪ್ಪತ್ತು ಮೀಟರ್ ಅಂತರವಿದ್ದರೆ, ಪ್ರದಕ್ಷಿಣೆ ಹಾಕಿದವರು ಅಪ್ರದಕ್ಷಿಣೆ ಹಾಕಿದವರಿಗಿಂತ ಸುಮಾರು 125 ಮೀಟರ್ ಹೆಚ್ಚು ಓಡುತ್ತಾರೆ. ಸ್ವಾರಸ್ಯವೆಂದರೆ ವರ್ತುಲ ಹತ್ತು ಕಿಲೋಮೀಟರ್ ಇದ್ದರೂ ಅರವತ್ತು ಇದ್ದರೂ ಈ 125 ಬದಲಾಗುವುದಿಲ್ಲ.

ಇಷ್ಟೆಲ್ಲ ಕೂಡಿಸಿದರೂ ಆ ಆರು ಕಿಲೋಮೀಟರ್ ಸಿಗಲಿಲ್ಲ. ಈಗ ಅನುಮಾನ ರಸ್ತೆಯನ್ನು ಬಿಟ್ಟು ಮೀಟರಿನತ್ತ ತಿರುಗಬೇಕು. ಓಡೋಮೀಟರ್ ರಸ್ತೆಯನ್ನು ನೋಡುವುದೇ ಇಲ್ಲ. ಗಾಲಿ ಎಷ್ಟು ಸುತ್ತು ತಿರುಗಿತು ಎಂದು ಎಣಿಸಿ, ಒಂದು ಸುತ್ತಿಗೆ ಇಷ್ಟು ಎಂದು ಕಂಪನಿ ನಿಗದಿಪಡಿಸಿದ ಉದ್ದದಿಂದ ಗುಣಿಸುತ್ತದೆ. ಮೂವತ್ತು ಸೆಂಟಿಮೀಟರ್ ತ್ರಿಜ್ಯದ ಗಾಲಿ ಒಂದು ಕಿಲೋಮೀಟರಿಗೆ ಸುಮಾರು 530 ಸುತ್ತು ಹಾಕುತ್ತದೆ. ಟೈರ್ ಆರು ಮಿಲಿಮೀಟರ್ ಸವೆದರೆ ಅಷ್ಟೇ ಸುತ್ತಿಗೆ ಕಾರು ಸಾಗಿರುವುದು 980 ಮೀಟರ್. ಮೀಟರ್ ಮಾತ್ರ ಒಂದು ಕಿಲೋಮೀಟರ್ ಎಂದು ಬರೆದುಕೊಂಡಾಗಿದೆ. ನೂರಕ್ಕೆ ಎರಡು! ಮುನ್ನೂರು ಕಿಲೋಮೀಟರ್ ಪ್ರಯಾಣದಲ್ಲಿ ಅದೇ ಆ ಆರು ಕಿಲೋಮೀಟರ್. ಮಾಲೀಕರು ಮೂಲದ್ದಕ್ಕಿಂತ ದೊಡ್ಡ ಟೈರ್ ಹಾಕಿಸಿದ್ದರೆ ಮೀಟರ್ ಕಡಿಮೆ ತೋರಿಸುತ್ತದೆ, ಆಗ ಯಾರೂ ದೂರುವುದಿಲ್ಲ.

ತಪ್ಪು ಘಾಟಿಯದೋ ಟೈರಿನದೋ ಎಂದು ಪತ್ತೆ ಹಚ್ಚುವುದು ಕಷ್ಟವಲ್ಲ. ಬಯಲುಸೀಮೆಯ ನೇರ ಹೆದ್ದಾರಿಯಲ್ಲಿ ಟ್ರಿಪ್ ಮೀಟರನ್ನು ಸೊನ್ನೆಗೆ ತಂದು ಕಿಲೋಮೀಟರ್ ಕಲ್ಲುಗಳನ್ನು ನೋಡುತ್ತಾ ಇಪ್ಪತ್ತು ಕಿಲೋಮೀಟರ್ ಓಡಿಸಿ. ನಡುವೆ ಹೊಸ ಬೈಪಾಸ್ ಬಂದಿರುವ ಕಡೆ ಬೇಡ, ಅಲ್ಲಿ ಕಲ್ಲುಗಳ ಲೆಕ್ಕವೇ ಹಳತಾಗಿರಬಹುದು. ಅಲ್ಲೂ ಮೀಟರ್ ನಾನೂರು ಮೀಟರ್ ಹೆಚ್ಚು ತೋರಿಸಿದರೆ ಚಾಲಕರೊಡನೆ ವಾದಿಸುವ ಮೊದಲು ಬಗ್ಗಿ ಟೈರ್ ನೋಡಿ. ಹಳ್ಳದ ತಳದಲ್ಲಿರುವ ಸವೆತದ ಗುರುತಿನ ಉಬ್ಬುಗಳು ಟೈರಿನ ಮೇಲ್ಮೈಗೆ ಸಮನಾಗಿದ್ದರೆ ಉಳಿದಿರುವುದು 1.6 ಮಿಲಿಮೀಟರ್ ಮಾತ್ರ. ಅಂಥ ಟೈರಿನಲ್ಲಿ ಮಳೆಗಾಲದ ಘಾಟಿ ಇಳಿಯಬೇಡಿ, ಆರು ಕಿಲೋಮೀಟರಿನ ಬಾಡಿಗೆ ಕೊಟ್ಟು ಬೇರೆ ಕಾರು ಹಿಡಿಯಿರಿ.