ಹಸಿ ಕೊಕ್ಕೊ ಬೀಜ ಮತ್ತು ಕ್ಯಾಂಪ್ಕೊ

ಮಾರುವವರು ಸಾವಿರಾರು ಮಂದಿಯಿದ್ದು ಕೊಳ್ಳುವವರು ಬೆರಳೆಣಿಕೆಯಷ್ಟೇ ಇದ್ದಾಗ, ಬೆಲೆಯನ್ನು ತನಗೆ ಅನುಕೂಲವಾಗುವಂತೆ ತಗ್ಗಿಸಲು ಕೊಳ್ಳುವವನಿಗೆ ಒದಗುವ ಶಕ್ತಿಯೇ ಮಾರುಕಟ್ಟೆ ಪ್ರಾಬಲ್ಯ. ಈ ಶಕ್ತಿ ಎಷ್ಟೆಂಬುದು ಸರಕು ಎಷ್ಟು ದಿನ ಕೆಡದೆ ಉಳಿಯುತ್ತದೆ ಎಂಬುದನ್ನೂ ಅವಲಂಬಿಸಿರುತ್ತದೆ. ದಕ್ಷಿಣ ಕನ್ನಡ ಮತ್ತು ಕಾಸರಗೋಡಿನ ತೋಟಗಳಲ್ಲಿ ಒಂದೇ ನೆರಳಿನಲ್ಲಿ ಬೆಳೆಯುವ ಅಡಿಕೆ ಮತ್ತು ಕೊಕ್ಕೊ ಇದಕ್ಕೆ ಒಳ್ಳೆಯ ನಿದರ್ಶನ.

ಅಡಿಕೆಯನ್ನು ಸಿಪ್ಪೆಸಹಿತ ಅಂಗಳದಲ್ಲಿ ಒಣಗಿಸಿ, ಚಾಲಿಯಾಗಿ ಸುಲಿದು, ಧಾರಣೆ ಏರುವವರೆಗೆ ಅಟ್ಟದಲ್ಲಿ ಕಾದಿರಿಸಬಹುದು. ಕೊಕ್ಕೊಗೆ ಆ ಸೌಕರ್ಯವಿಲ್ಲ. ಕಾಯಿ ಒಡೆದು ತೆಗೆದ, ಬಿಳಿ ಲೋಳೆ ಮೆತ್ತಿದ ಹಸಿ ಬೀಜವನ್ನು ಬೇಗನೆ ರಾಶಿ ಹಾಕಿ ಸುಮಾರು ಒಂದು ವಾರ ಹುದುಗಿಸಬೇಕು. ರಾಶಿ ದೊಡ್ಡದಿದ್ದರೆ ಮಾತ್ರ ಅದರೊಳಗೆ ಸಾಕಷ್ಟು ಕಾವು ಏಳುತ್ತದೆ. ಸರಿಯಾಗಿ ಹುದುಗಿ ಒಣಗಿದ ಬೀಜವನ್ನು ಕತ್ತರಿಸಿದರೆ ಒಳಗೆ ಕಂದು ಬಣ್ಣವೂ ಬಿರುಕುಗಳೂ ಕಾಣುತ್ತವೆ, ಹುದುಗದ್ದು ನೇರಳೆಯಾಗಿಯೋ ಬೂದುಗಪ್ಪಾಗಿಯೋ ಉಳಿಯುತ್ತದೆ. ಒಂದು ಕೊಯ್ಲಿನಲ್ಲಿ ಹತ್ತು-ಹದಿನೈದು ಕಿಲೋ ಹಸಿ ಬೀಜ ಪಡೆಯುವ ಸಣ್ಣ ಬೆಳೆಗಾರನಿಗೆ ಆ ಗಾತ್ರದ ರಾಶಿ ಹಾಕುವುದು ಕಷ್ಟ, ಮಳೆಗಾಲದಲ್ಲಂತೂ ಒಣಗಿಸಲು ಬಿಸಿಲೇ ಇರುವುದಿಲ್ಲ. ಆದ್ದರಿಂದ ಹಸಿ ಬೀಜವನ್ನು ಅಂದೇ, ಎದುರಿಗಿರುವ ಕೊಳ್ಳುಗ ಹೇಳಿದ ದರಕ್ಕೆ ಕೊಟ್ಟುಬಿಡುವುದು ಅವನಿಗೆ ಅನಿವಾರ್ಯವಾಗುತ್ತದೆ.

1980ರ ಸುಮಾರಿಗೆ ಕೊಕ್ಕೊ ಧಾರಣೆ ಕುಸಿದು ಖಾಸಗಿ ಖರೀದಿ ಹಿಂದೆ ಸರಿದಾಗ ಈ ದೌರ್ಬಲ್ಯ ಪೂರ್ತಿ ಬಯಲಾಯಿತು. ಅಡಿಕೆ ಬೆಲೆ ಕುಸಿತದ ಹಿನ್ನೆಲೆಯಲ್ಲಿ, ವಾರಣಾಶಿ ಸುಬ್ರಾಯ ಭಟ್ಟರ ಮುಂದಾಳತ್ವದಲ್ಲಿ 1973ರಲ್ಲಿ ಮಂಗಳೂರಿನಲ್ಲಿ ಸ್ಥಾಪನೆಯಾಗಿದ್ದ, ಕರ್ನಾಟಕ ಮತ್ತು ಕೇರಳದ ಬೆಳೆಗಾರರ ಸಹಕಾರಿ ಕ್ಯಾಂಪ್ಕೊ ಆಗ ಕೊಕ್ಕೊ ಖರೀದಿಗೂ ಇಳಿಯಿತು. ಹಲವರ ಹಸಿ ಬೀಜ ಒಂದೆಡೆ ಸೇರಿದರೆ ರಾಶಿಯ ಗಾತ್ರದ ತೊಡಕು ತಾನಾಗಿ ನೀಗುತ್ತದೆ, ಒಣಬೀಜವಾದ ಮೇಲೆ ಸರಕಿಗೆ ಕಾಯುವ ತಾಳಿಕೆಯೂ ಬರುತ್ತದೆ. ಆದರೂ ಒಣಬೀಜವನ್ನು ಕೊಳ್ಳುವ ಚಾಕೊಲೇಟ್ ತಯಾರಕರು ಕೆಲವರೇ ಇದ್ದುದರಿಂದ ಅದೇ ಪ್ರಾಬಲ್ಯ ಒಂದು ಮೆಟ್ಟಿಲು ಮೇಲೆ ಮತ್ತೆ ಎದುರಾಗುತ್ತಿತ್ತು. 1986ರಲ್ಲಿ ಪುತ್ತೂರಿನ ಕೆಮ್ಮಿಂಜೆಯಲ್ಲಿ ಆರಂಭವಾದ ಕ್ಯಾಂಪ್ಕೊದ ಚಾಕೊಲೇಟ್ ಕಾರ್ಖಾನೆಯ ಮಹತ್ವವನ್ನು ಈ ಹಿನ್ನೆಲೆಯಲ್ಲಿ ಅಳೆಯಬೇಕು.

ಸಹಕಾರಿಯ ಖರೀದಿ ದರ ಪ್ರಕಟವಾದೊಡನೆ ಖಾಸಗಿ ವ್ಯಾಪಾರಿಯೂ ಅದರ ಆಸುಪಾಸಿನಲ್ಲೇ ಕೊಳ್ಳಬೇಕಾಗುವುದರಿಂದ, ಅಲ್ಲಿಗೆ ಒಂದು ಕಿಲೋ ಬೀಜವನ್ನೂ ಹಾಕದವನಿಗೂ ಅದರ ಲಾಭ ತಲುಪುತ್ತದೆ. ವ್ಯವಸ್ಥೆಯ ದುರ್ಬಲ ಕೊಂಡಿಯೂ ಇಲ್ಲಿಯೇ ಇದೆ. ಧಾರಣೆ ಏರಿದಾಗ ಕಿಲೋಗೆ ಎರಡು ರೂಪಾಯಿ ಹೆಚ್ಚು ಕೊಡುವವನಿಗೆ ಮಾರಿ, ಇಳಿದಾಗ ಮಾತ್ರ ಸಂಘದ ಕೇಂದ್ರಕ್ಕೆ ಬರುವ ಸದಸ್ಯರು ಹೆಚ್ಚಿದಷ್ಟೂ, ಕುಸಿತದ ಕಾಲದ ನಷ್ಟವನ್ನು ತುಂಬಿಕೊಳ್ಳಬೇಕಾದ ಒಳ್ಳೆಯ ಕಾಲದ ವಹಿವಾಟು ಸಂಸ್ಥೆಗೆ ತಪ್ಪಿಹೋಗುತ್ತದೆ. ವಿಶ್ವ ಮಾರುಕಟ್ಟೆಯ ಏರಿಳಿತವನ್ನು ತಡೆಯುವ ಶಕ್ತಿಯೂ ಯಾವ ಸಹಕಾರಿಗೂ ಇಲ್ಲ; ಬೆಳೆಗಾರ ಅಂದೇ ಮಾರಲೇಬೇಕೆಂಬ ಒತ್ತಡವನ್ನಷ್ಟೇ ಅದು ಸಡಿಲಿಸಬಲ್ಲದು.