ಅಜ್ಜಿಯ ಜೊತೆ ಮುಳುಗಿದ ಮನೆಯೊಳಗೆ

"ನಿಮ್ಮ ಬಾಲ್ಯ ಹೇಗಿತ್ತು?" ಎಂದು ಕೇಳಿದರೆ "ಕಷ್ಟ ಇತ್ತು, ಆದ್ರೂ ಚೆನ್ನಾಗಿತ್ತು" ಎಂದು ಅಜ್ಜಿ ಮಾತು ಮುಗಿಸುತ್ತಾರೆ. ಅಷ್ಟು ದೊಡ್ಡ ಪ್ರಶ್ನೆಗೆ ಅಷ್ಟೇ ಉತ್ತರ. ನೆನಪು ತೆರೆದುಕೊಳ್ಳುವುದು ಜಾಗ ಮತ್ತು ವಸ್ತುಗಳಿಂದ.

1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಪೂರ್ಣಗೊಂಡು ಶರಾವತಿ ಕಣಿವೆಯ ಎಷ್ಟೋ ಊರುಗಳು ಮುಳುಗಿದವು. ಬಾಲ್ಯದಲ್ಲೇ ಅಲ್ಲಿಂದ ಹೊರಟ ಅಜ್ಜಿಯೊಬ್ಬರನ್ನು ಮಾತಾಡಿಸುತ್ತಿದ್ದೀರಿ ಎಂದುಕೊಳ್ಳಿ. "ಮುಳುಗಡೆ ಬಗ್ಗೆ ಹೇಳಿ" ಎಂದರೆ ಸೀಮೆಯವರೆಲ್ಲ ಹೇಳುವ ಕಥೆಯೇ ಬರುತ್ತದೆ. ಬದಲಿಗೆ, "ಅಜ್ಜಿ, ಅಂಗಳದಿಂದ ಒಳಗೆ ಬಂದ್ರೆ ಮೊದಲು ಏನು ಕಾಣ್ತಿತ್ತು?" ಎಂದು ಕೇಳಿ. ಜಗಲಿ, ನಡುಮನೆ, ಅಡುಗೆಮನೆ, ಕೊಟ್ಟಿಗೆ ಎಂದು ಅವರು ಮನಸ್ಸಿನಲ್ಲೇ ನಡೆಯತೊಡಗುತ್ತಾರೆ. ಆಮೇಲೆ ಕೇಳಬೇಕಾದ್ದು: "ಹೊರಡೋ ದಿನ ಗಾಡಿಗೆ ಏನೇನು ಹೇರಿದ್ರಿ? ಏನನ್ನ ಅಲ್ಲೇ ಬಿಟ್ರಿ?"

ಉತ್ತರ "ಆಗೆಲ್ಲ ಹಾಗೇ" ಎಂದು ಶುರುವಾದರೆ ಇನ್ನೂ ಹೊರಗೇ ಇದ್ದೀರಿ. "ಅವತ್ತು ಬೆಳಿಗ್ಗೆ ಅಪ್ಪ..." ಎಂದರೆ ಕಂತು ಸಿಕ್ಕಿತು. ಆಗ ಅವರು ತಡೆದರೂ ನೀವು ಬಾಯಿ ಹಾಕಬೇಡಿ. ನಿಜವಾದ ಮಾತು ಹೆಚ್ಚಾಗಿ ಆ ಮೌನದ ನಂತರ ಬರುತ್ತದೆ, ಅವಸರದ ಮರುಪ್ರಶ್ನೆ ಅದನ್ನು ಕೊಂದುಬಿಡುತ್ತದೆ.

ಅರ್ಧ ಗಂಟೆಯ ಧ್ವನಿಮುದ್ರಣದಿಂದ ಒಂದೇ ಘಟನೆಯ ಮೂರು ನಿಮಿಷ ತೆಗೆಯಿರಿ. ಪೀಠಿಕೆ ಬೇಡ, ಬಿಟ್ಟುಬಂದ ಒರಳುಕಲ್ಲಿನಿಂದಲೇ ಆರಂಭಿಸಿ. ದುಃಖದ ಸಂಗೀತವನ್ನಂತೂ ಸೇರಿಸಲೇಬೇಡಿ, ಅವರ ದನಿಯೇ ಸಾಕು. ಬಂಧುಗಳಿಗೆ ಕಳಿಸುವ ಮೊದಲು ಅಜ್ಜಿಗೇ ಕೇಳಿಸಿ, ಅವರು ಬೇಡವೆಂದ ಭಾಗವನ್ನು ತೆಗೆದುಹಾಕಿ.